‘ಕೊಡಗಿನ ಊಟ’ ಎಂದಷ್ಟೇ ಬರೆದು ಕೆಟ್ಟೆವು

ಇಂಗ್ಲೆಂಡಿನಲ್ಲಿ ನಾನಿರುವ ಊರಿನ ಕನ್ನಡ ಸಂಘವು ರಾಜ್ಯೋತ್ಸವದ ಸಂಜೆಯನ್ನು ಕೊಡಗಿನ ಹೆಸರಿನಲ್ಲಿ ನಡೆಸಲು ನಿಶ್ಚಯಿಸಿದಾಗ, ಮಡಿಕೇರಿಯವನೆಂಬ ಒಂದೇ ಕಾರಣಕ್ಕೆ ಟಿಕೆಟ್ ಮಾರುವ ಹೊಣೆ ನನ್ನ ಪಾಲಿಗೆ ಬಂತು. ತುಲಾ ಸಂಕ್ರಮಣಕ್ಕೆಂದು ಊರಿಗೆ ಬಂದಿದ್ದ ನಾನು ಆ ಕೆಲಸದ ಬಹುಪಾಲನ್ನು ಮಡಿಕೇರಿಯ ಮನೆಯ ಜಗುಲಿಯಲ್ಲಿ ಕುಳಿತೇ ಮಾಡಿದೆ. ಅಲ್ಲಿ ಸಮಿತಿಯವರು ಸಂಜೆ ಏಳಕ್ಕೆ ಸಭೆ ಸೇರಿದರೆ ಇಲ್ಲಿ ರಾತ್ರಿ ಹನ್ನೊಂದೂವರೆಯಾಗಿರುತ್ತಿತ್ತು. ಮಳೆ ಜೋರಾಗಿ ಕರೆಂಟು ಹೋದರೆ ಸಭೆಯೂ ಅಲ್ಲಿಗೇ ನಿಲ್ಲುತ್ತಿತ್ತು.

ಸಭಾಂಗಣದಲ್ಲಿ 300 ಆಸನಗಳಿದ್ದವು. ಕಾರ್ಯಕ್ರಮಕ್ಕೆ ಮೂರು ವಾರ ಉಳಿದಿದ್ದಾಗ 112 ಟಿಕೆಟ್ ಮಾತ್ರ ಹೋಗಿದ್ದವು. ಕೊನೆಯ ಹತ್ತು ದಿನಗಳಲ್ಲಿ ಹೇಗೂ ಮಾರಾಟ ಏರುತ್ತದೆ ಎಂದು ಸಮಿತಿಯ ಹಿರಿಯರು ಸಮಾಧಾನ ಹೇಳಿದರಾದರೂ, ಅಡುಗೆಯವರಿಗೆ ಏಳು ದಿನ ಮೊದಲೇ ಊಟದ ಲೆಕ್ಕ ಕೊಡಬೇಕಿದ್ದುದರಿಂದ ಆ ಸಮಾಧಾನ ನನಗೆ ಪ್ರಯೋಜನಕ್ಕೆ ಬರಲಿಲ್ಲ. ಟಿಕೆಟ್ ಕೊಳ್ಳದೆ ಉಳಿದಿದ್ದ ಹತ್ತು ಹನ್ನೆರಡು ಮನೆಗಳಿಗೆ ನಾನೇ ಫೋನ್ ಮಾಡಿ ವಿಚಾರಿಸಿದಾಗ ಕಾರಣ ತಿಳಿಯಿತು. ನಮ್ಮ ಪೋಸ್ಟರಿನಲ್ಲಿ ‘ಕೊಡಗಿನ ಊಟ’ ಎಂದಷ್ಟೇ ಇತ್ತು. ಅದನ್ನು ಓದಿದ ಸಸ್ಯಾಹಾರಿಗಳು ಪಂದಿ ಕರಿಯ ಪಕ್ಕದಲ್ಲೇ ತಮ್ಮ ತಟ್ಟೆಗೂ ಬಡಿಸುತ್ತಾರೆಂದು ಹಿಂಜರಿದಿದ್ದರು. ಟಿಕೆಟ್ ಕೊಂಡಿದ್ದ ಕೆಲವರು ಪಂದಿ ಕರಿ ಇದ್ದೇ ಇರುತ್ತದೆಂದು ನಂಬಿ ಕೊಂಡಿದ್ದರು. ನಿಜವಾಗಿ ಅಡುಗೆಯ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ ಅವ್ವ, “ನೆಂಟರನ್ನು ಕರೆಯುವಾಗ ಏನು ಅಡುಗೆ ಅಂತ ಹೇಳದಿದ್ದರೂ ನಡೆಯುತ್ತದೆ, ದುಡ್ಡು ಕೊಟ್ಟು ಬರುವವರಿಗೆ ಹೇಳಬೇಡವಾ?” ಎಂದರು. ಮರುದಿನವೇ ಪೋಸ್ಟರನ್ನು ತಿದ್ದಿ ಒಂದೊಂದು ಪದಾರ್ಥವನ್ನೂ ಹೆಸರಿಸಿದೆವು: ಕಡಂಬುಟ್ಟು, ಕುಂಬಳಕಾಯಿ ಕರಿ, ಕಾಚಂಪುಳಿ ಹಾಕಿದ ಕೋಳಿ ಕರಿ, ಅನ್ನ, ಸಾರು, ಪಾಯಸ. ಹಂದಿ ಮಾಂಸ ಇರುವುದಿಲ್ಲವೆಂದೂ, ಸಸ್ಯಾಹಾರಕ್ಕೆ ಬೇರೆ ಮೇಜು ಮತ್ತು ಬೇರೆ ಸೌಟು ಇರುತ್ತವೆಂದೂ ಸ್ಪಷ್ಟವಾಗಿ ಬರೆದು, ಟಿಕೆಟ್ ಕೊಳ್ಳುವಾಗಲೇ ಊಟದ ಆಯ್ಕೆಯನ್ನು ಗುರುತಿಸುವಂತೆ ಮಾಡಿದೆವು. ಎರಡು ಕೊಡವ ಕುಟುಂಬಗಳು ಮುನಿಸಿಕೊಂಡು ಹಣ ವಾಪಸು ಕೇಳಿದವು. ಕೊಟ್ಟೆವು, ಅವರ ಬೇಸರ ನ್ಯಾಯವಾದದ್ದೇ ಆಗಿತ್ತು. ಅಕ್ಕಿ ರೊಟ್ಟಿಯನ್ನು ಮಾತ್ರ ನಾನೇ ಬೇಡವೆಂದಿದ್ದೆ, ಏಕೆಂದರೆ ಮುನ್ನೂರು ಜನರಿಗೆ ಮೊದಲೇ ಸುಟ್ಟಿಟ್ಟ ರೊಟ್ಟಿ ಬಡಿಸುವ ಹೊತ್ತಿಗೆ ಗಟ್ಟಿಯಾಗಿಬಿಡುತ್ತದೆ, ಕಡಂಬುಟ್ಟಾದರೆ ಹಬೆಯಲ್ಲಿಟ್ಟು ಮತ್ತೆ ಬಿಸಿ ಮಾಡಬಹುದು.

ಊಟದ ಹೊತ್ತೂ ಟಿಕೆಟ್ ಮಾರಾಟಕ್ಕೆ ಸಂಬಂಧಿಸಿದ್ದೆಂದು ಆ ಫೋನ್ ಮಾತುಗಳಿಂದಲೇ ಗೊತ್ತಾಯಿತು. ಮೊದಲಿನ ಪಟ್ಟಿಯಂತೆ ಅತಿಥಿ ಗಾಯಕರ ಕಾರ್ಯಕ್ರಮ ಮುಗಿದ ಮೇಲೆ, ರಾತ್ರಿ ಒಂಬತ್ತಕ್ಕೆ ಊಟ. ಚಿಕ್ಕ ಮಕ್ಕಳಿರುವವರು ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ಮಕ್ಕಳ ಉಮ್ಮತ್ತಾಟ್ ಮತ್ತು ನಾಟಕವನ್ನು ಐದಕ್ಕೆ ಆರಂಭಿಸಿ, ಆರೂಮುಕ್ಕಾಲಿಗೆ ಊಟಕ್ಕೆ ಬಿಟ್ಟು, ಗಾಯನವನ್ನು ಅದರ ನಂತರಕ್ಕೆ ತಳ್ಳಿದೆವು. ಒಂದು ಸಾಲಿನಲ್ಲಿ ನಿಮಿಷಕ್ಕೆ ನಾಲ್ವರಿಗೆ ಬಡಿಸಬಹುದೆಂದರೆ ಎರಡು ಸಾಲಿಗೆ ಎಂಟು ಮಂದಿ, ಮುನ್ನೂರು ಜನರಿಗೆ ಸುಮಾರು ಮೂವತ್ತೆಂಟು ನಿಮಿಷ. ವಿರಾಮಕ್ಕೆ ಐವತ್ತೈದು ನಿಮಿಷ ಇಟ್ಟು, ಮುಂದಿನ ಎಂಟು ಸಾಲಿನವರಿಗೆ ಮೊದಲು, ಹಿಂದಿನವರಿಗೆ ಆಮೇಲೆ ಎಂದು ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಿಸಿದೆವು.

ಆಸನದ ವಿಷಯದಲ್ಲಿ ಆದ ತಪ್ಪನ್ನು ಪೂರ್ತಿ ಸರಿಪಡಿಸಲಾಗಲಿಲ್ಲ. ವೇದಿಕೆಯ ಮೇಲೆ ಕುಣಿಯುವ 34 ಮಕ್ಕಳಿಗೆ ಆಸನ ಬೇಕಿಲ್ಲವೆಂದು ಲೆಕ್ಕ ಹಾಕಿದ್ದೆವು, ಆದರೆ ತಮ್ಮ ಕುಣಿತ ಮುಗಿದೊಡನೆ ಅವರು ಅಪ್ಪ ಅಮ್ಮನ ಪಕ್ಕ ಬಂದು ಕೂರುತ್ತಾರೆ, ಊಟವನ್ನೂ ಮಾಡುತ್ತಾರೆ. ಕೊನೆಗೆ ಆ ಮಕ್ಕಳಿಗೂ ಕಡಿಮೆ ದರದ ಟಿಕೆಟ್ ಕಡ್ಡಾಯ ಮಾಡಿದಾಗ, ಆಗಲೇ ಕೊಂಡಿದ್ದ ಏಳು ಮನೆಯವರಿಗೆ ಪಕ್ಕದ ಆಸನ ಸಿಗದೆ, ಮಗು ಒಂದು ಸಾಲು, ತಾಯಿ ಇನ್ನೊಂದು ಸಾಲು ಎಂಬಂತಾಯಿತು. ನಾಲ್ಕು ಮನೆಗಳ ಆಸನಗಳನ್ನು ಬೇರೆಯವರನ್ನು ಕೇಳಿಕೊಂಡು ಬದಲಿಸಿದೆವು. ಉಳಿದ ಮೂವರಿಗೆ ಹಾಗೆ ಮಾಡಲಾಗಲಿಲ್ಲ.

ಇದಲ್ಲದೆ ಜನರು ಎರಡು, ಮೂರು ಆಸನ ಹಿಡಿಯುವಾಗ ನಡುವೆ ಒಂದೊಂದನ್ನು ಬಿಟ್ಟು ಹೋಗಿದ್ದರಿಂದ ಅಲ್ಲಲ್ಲಿ ಒಂಟಿ ಆಸನಗಳು ಉಳಿದುಕೊಂಡವು. ನಾವು ಬಳಸಿದ ಟಿಕೆಟ್ ವ್ಯವಸ್ಥೆಯಲ್ಲಿ ಹಾಗೆ ಒಂಟಿ ಆಸನ ಬಿಡದಂತೆ ತಡೆಯುವ ಆಯ್ಕೆಯೊಂದಿತ್ತು. ನಾನು ಅದನ್ನು ನೋಡುವ ಹೊತ್ತಿಗೆ ಹತ್ತೊಂಬತ್ತು ಕುರ್ಚಿಗಳು ಹಾಗೆ ಉಳಿದಿದ್ದವು. ಅವನ್ನು ‘ಒಬ್ಬರೇ ಬರುವವರಿಗೆ’ ಎಂದು ಅರ್ಧ ಬೆಲೆಗೆ ಅಲ್ಲಿನ ವಿಶ್ವವಿದ್ಯಾಲಯದ ಕನ್ನಡ ವಿದ್ಯಾರ್ಥಿಗಳ ಗುಂಪಿಗೆ ಕಳುಹಿಸಿದೆ. ಮೂರು ದಿನಗಳಲ್ಲಿ ಹದಿನಾರು ಹೋದವು, ಎಲ್ಲವೂ ಕೋಳಿ ಕರಿಯ ಟಿಕೆಟ್ಟುಗಳೇ.