ಮೊದಲು ಅಕ್ಷರದ ಜಾಗ, ಆಮೇಲೆ ಮಾತು: ಮೆಣಸಿನ ರೀಲ್ ಬರೆದ ನನ್ನ ಅನುಭವ

ಕೊಡಗಿನ ಕಕ್ಕಬ್ಬೆ ಕಡೆಯ ಒಂದು ಹೋಂಸ್ಟೇಗೆ ಮಾಡಿಕೊಟ್ಟ ರೀಲ್‌ನ ಬಾಕಿ 2,500 ರೂಪಾಯಿ ಇಂದಿಗೂ ನನ್ನ ಕೈಸೇರಿಲ್ಲ. ತಪ್ಪು ನನ್ನದೇ. ಮಂಜು ಬೇಕಾದ ಹಾಗೆ ಸಿಕ್ಕಿತ್ತು, ಮಾತೂ ಚೆನ್ನಾಗಿತ್ತು. ಆದರೆ ಕೊಠಡಿಯ ದರವನ್ನೂ ಫೋನ್ ನಂಬರನ್ನೂ ಚೌಕಟ್ಟಿನ ಕೆಳತುದಿಯಲ್ಲಿ ಹಾಕಿದ್ದೆ. ಪೋಸ್ಟ್ ಆದ ಮೇಲೆ ನೋಡಿದರೆ ಖಾತೆಯ ಹೆಸರು ಮತ್ತು ಕ್ಯಾಪ್ಷನ್ ಅದರ ಮೇಲೆಯೇ ಕುಳಿತಿದ್ದವು. ಮೇಲಕ್ಕೆ ಎತ್ತೋಣವೆಂದರೆ ಅಲ್ಲಿ ಅತಿಥಿಯ ಮುಖ. “ನಂಬರೇ ಕಾಣದ ಜಾಹೀರಾತಿಗೆ ಯಾರು ದುಡ್ಡು ಕೊಡುತ್ತಾರೆ?” ಎಂದು ಮಾಲೀಕರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಸ್ಕ್ರಿಪ್ಟ್ ಹಾಳೆಯಲ್ಲಿ ಮೂರನೆಯ ಕಾಲಂ ಎಳೆದೆ. ದೃಶ್ಯ, ಮಾತು, ಅವುಗಳ ಪಕ್ಕದಲ್ಲಿ ಅಕ್ಷರದ ಜಾಗ. ಬರೆಯಲು ಕುಳಿತಾಗ ಮೊದಲು ತುಂಬುವುದು ಮೂರನೆಯದನ್ನೇ. ಕುಶಾಲನಗರದಲ್ಲಿ ಮದುವೆ ವಿಡಿಯೊ ಮಾಡುವ ಗೆಳೆಯ ನಕ್ಕಿದ್ದ: “ಅಕ್ಷರ ಕೂರಿಸುವುದು ಎಡಿಟಿಂಗ್ ಕೆಲಸ ಮಾರಾಯ, ಬರೆಯುವವನಿಗೆ ಅದರ ಚಿಂತೆ ಏಕೆ?” ಈಗ ಅವನ ಬಳಿಯೂ ಅದೇ ಹಾಳೆಯ ಜೆರಾಕ್ಸ್ ಇದೆ.

ಅಳತೆ ನಿಮಗೆಲ್ಲ ಗೊತ್ತಿರುವುದೇ. 1080 ಪಿಕ್ಸೆಲ್ ಅಗಲ, 1920 ಪಿಕ್ಸೆಲ್ ಎತ್ತರದ ಚೌಕಟ್ಟಿನಲ್ಲಿ ನಾನು ಮೇಲೆ ಸುಮಾರು 250, ಕೆಳಗೆ 400ಕ್ಕೂ ಸ್ವಲ್ಪ ಹೆಚ್ಚು, ಬಲಗಡೆ ಲೈಕ್, ಶೇರ್ ಗುಂಡಿಗಳಿಗೆಂದು 150ರಷ್ಟು ಪಿಕ್ಸೆಲ್ ಬಿಟ್ಟುಬಿಡುತ್ತೇನೆ. ಒಂದೇ ಫೈಲ್ ರೀಲ್ಸ್‌ಗೂ ಶಾರ್ಟ್ಸ್‌ಗೂ ಹೋಗುವುದರಿಂದ ಎರಡರಲ್ಲಿ ಯಾವುದು ಹೆಚ್ಚು ಜಾಗ ಕಸಿಯುತ್ತದೆಯೋ ಅದೇ ನನ್ನ ಲೆಕ್ಕ. ಆ್ಯಪ್‌ಗಳು ಗುಂಡಿಗಳನ್ನು ಆಗಾಗ ಸರಿಸುತ್ತವೆ. ಹಾಗಾಗಿ ತಿಂಗಳಿಗೊಮ್ಮೆ ಓಡುತ್ತಿರುವ ರೀಲ್‌ನ ಸ್ಕ್ರೀನ್‌ಶಾಟ್ ತೆಗೆದು, ಅರೆಪಾರದರ್ಶಕ ಮಾಡಿ ಎಡಿಟಿಂಗ್‌ನಲ್ಲಿ ಮೇಲೆ ಹಾಸಿ ನೋಡುತ್ತೇನೆ.

ಇದು ಸರಿಯಾಗಿ ಕೈಹಿಡಿದದ್ದು ಪಾಲಿಬೆಟ್ಟದ ಹತ್ತಿರದ ತೋಟವೊಂದರ ಮೆಣಸಿನ ರೀಲ್‌ನಲ್ಲಿ. ಬಿಡಿಸಿದ ಕಾಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಒಣಹಾಕಿದರೆ ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮ ಕಪ್ಪಾಗುತ್ತದೆ. 40 ಸೆಕೆಂಡಿನಲ್ಲಿ ಹೇಳಬೇಕಿದ್ದುದು ಇಷ್ಟೇ. ನಾನು ಮೊದಲು ಬರೆದ ಸಾಲು ಹೀಗಿತ್ತು: “ಬಿಡಿಸಿದ ಮೆಣಸನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ಒಣಗಿಸಿದರೆ ಒಳ್ಳೆಯ ಕಪ್ಪು ಬಣ್ಣ ಬರುತ್ತದೆ.” ಕಿವಿಗೆ ಇದು ಹಿತವೇ. ಆದರೆ ಮೊಬೈಲ್‌ನಲ್ಲಿ ಓದಿಸಿಕೊಳ್ಳುವ ಗಾತ್ರದಲ್ಲಿ ಒಂದು ಸಾಲಿಗೆ ಹಿಡಿಯುವುದು 13-14 ಅಕ್ಷರ. ನಾಲ್ಕು ಸಾಲಾಗಿ ಹರಡಿ ಪಾತ್ರೆಯನ್ನೇ ಮುಚ್ಚಿಬಿಟ್ಟಿತು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ವಿಷಯ ತಿಳಿಯುವುದೂ ನಾಲ್ಕನೆಯ ಸಾಲು ಮುಗಿದ ಮೇಲೆ. ಅಷ್ಟರಲ್ಲಿ ಹೆಬ್ಬೆರಳು ಮುಂದಿನ ರೀಲ್‌ಗೆ ಸರಿದಿರುತ್ತದೆ.

ಕೊನೆಗೆ ಪರದೆಯ ಮೇಲೆ ಉಳಿಸಿದ್ದು ಎರಡೇ ಸಾಲು: “ಕುದಿಯುವ ನೀರು”, ಅದರ ಕೆಳಗೆ “ಒಂದೇ ನಿಮಿಷ”. ಏಕೆ ಎಂಬುದನ್ನು ತೋಟದವರೇ ಬಾಯಲ್ಲಿ ಹೇಳಿದರು.

ಆ ಪದಗಳ ಆಯ್ಕೆಗೆ ಇನ್ನೊಂದು ಕಾರಣವಿತ್ತು. ಮೇಲಿನ ಸಾಲಿನಲ್ಲಿ ಒತ್ತಕ್ಷರ, ಕೆಳಗಿನದರಲ್ಲಿ ಗುಡಿಸು ಬಂದರೆ ಎರಡೂ ಒಂದಕ್ಕೊಂದು ಹಾಯುತ್ತವೆ. ಸಾಲುಗಳ ಅಂತರ ಹೆಚ್ಚಿಸಬೇಕಾಗುತ್ತದೆ, ಅಷ್ಟು ಜಾಗ ನಷ್ಟ. “ಬಿಸಿನೀರಿನಲ್ಲಿ” ಎಂಬುದರ ಕೊನೆಯ ಲಕಾರದ ಒತ್ತು ಕೆಳಸಾಲಿನ ಗುಡಿಸಿನ ಮೇಲೆ ಬೀಳುತ್ತಿತ್ತು. “ಕುದಿಯುವ ನೀರು” ಎನ್ನುವುದರಲ್ಲಿ ಒತ್ತೇ ಇಲ್ಲ. ಒಂದು ವಾರ ಬೇರೆ ಬೇರೆ ಫಾಂಟ್ ಹಾಕಿ ನೋಡಿದೆ, ಹಳದಿ ಅಕ್ಷರವನ್ನು ಕಾಫಿ ಎಲೆಯ ಮೇಲೆಯೂ ಪರೀಕ್ಷಿಸಿದೆ. ಪದ ಬದಲಿಸಿದಷ್ಟು ಲಾಭ ಯಾವುದರಲ್ಲೂ ಇರಲಿಲ್ಲ.

ದೃಶ್ಯದ ಕಾಲಂ ಸಹ ಬದಲಾಯಿತು. ಒಲೆ ಕಣದ ನೆಲದಲ್ಲಿತ್ತು. ನಿಂತವರ ಮುಖ ಬರುವ ಹಾಗೆ ಹಿಡಿದರೆ ಪಾತ್ರೆ ಕ್ಯಾಪ್ಷನ್‌ನ ಕೆಳಗೆ ಹೋಗುತ್ತಿತ್ತು, ಪಾತ್ರೆಗೆ ಬಗ್ಗಿಸಿದರೆ ಮುಖ ಹೋಗುತ್ತಿತ್ತು. ಮೊದಲ ದಿನದ ಚಿತ್ರೀಕರಣ ಹೀಗೆಯೇ ಹಾಳಾಯಿತು. ಇಬ್ಬರ ಅರ್ಧ ದಿನದ ಕೂಲಿ, ಸುಮಾರು 600 ರೂಪಾಯಿ, ನನ್ನ ಜೇಬಿನಿಂದಲೇ ಹೋಯಿತು. ಎರಡನೆಯ ದಿನ ಗ್ಯಾಸ್ ಒಲೆಯನ್ನು ಸೊಂಟದೆತ್ತರದ ಕಟ್ಟೆಯ ಮೇಲಿಟ್ಟೆವು. ಮುಖ ಮೇಲಿನ ಮೂರನೆಯ ಒಂದು ಭಾಗದಲ್ಲಿ, ಎರಡು ಸಾಲು ಎದೆಯ ಮೇಲೆ, ಅದರ ಕೆಳಗೆ ಕೈ ಮತ್ತು ಪಾತ್ರೆ. ಅಂದಿನಿಂದ ನನ್ನ ಸ್ಕ್ರಿಪ್ಟ್‌ನಲ್ಲಿ ನೆಲದ ಮೇಲೆ ನಡೆಯುವ ಕೆಲಸ ಬರುವುದು ಅಪರೂಪ.

ಸಿಲ್ವರ್ ಓಕ್‌ಗೆ ಹಬ್ಬಿದ ಬಳ್ಳಿ ಮಾತ್ರ ಈ ಚೌಕಟ್ಟಿಗೆಂದೇ ಬೆಳೆದಂತಿದೆ. ಆದರೂ ಏಣಿ ಹತ್ತುವವನು ಮೇಲೇರಿದಂತೆ ಶೀರ್ಷಿಕೆಗೆ ತಲೆ ತಾಗಿಸಿದ. ಆದ್ದರಿಂದ ಶೀರ್ಷಿಕೆ ಅವನು ಕೆಳಗಿನ ಮೆಟ್ಟಿಲುಗಳಲ್ಲಿ ಇರುವಾಗಲೇ ಮುಗಿಯಬೇಕೆಂದು ಬರೆದೆ: ಮನಸ್ಸಿನಲ್ಲಿ ಎರಡು ಸಲ ಓದುವಷ್ಟು ಹೊತ್ತು, ಆಮೇಲೆ ಪರದೆ ಖಾಲಿ. ಕೊನೆಯ 2 ಸೆಕೆಂಡಿನಲ್ಲಿ ಫೋನ್ ನಂಬರನ್ನು ಎಲ್ಲಿ, ಹೇಗೆ ಇಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಮೆಣಸಿನ ಆ ರೀಲ್‌ಗೆ 4,000 ರೂಪಾಯಿ ಅದೇ ಸಂಜೆ ಬಂತು. ಮುಂದಿನ ವಾರ ಅವರ ಬೀಗರ ತೋಟದಿಂದ ಕರೆ ಬಂತು, ಕಿತ್ತಳೆಯ ಬಗ್ಗೆ ಮಾಡಬೇಕಂತೆ. ಕಿತ್ತಳೆ ಬುಟ್ಟಿಯನ್ನು ನೆಲದಲ್ಲಿಡಬೇಡಿ ಎಂದು ಮೊದಲೇ ಹೇಳಿದ್ದೇನೆ.