ಜಾವೆಲಿನ್ ಕಲಿಸುವಾಗ ನಾನು ಬಾಲದ ಕಡೆ ನಿಲ್ಲುತ್ತೇನೆ

ಹಾಸನ, ಸಕಲೇಶಪುರ ಕಡೆ ಹೈಸ್ಕೂಲು ಕ್ರೀಡಾಕೂಟದ ತಯಾರಿ ನಡೆಯುವುದೇ ಮಳೆಗಾಲದಲ್ಲಿ. ಒದ್ದೆ ಹುಲ್ಲಿನ ಮೇಲೆ ಕಾಲು ಅಡ್ಡ ಹಾಕುವಾಗ ಮಗು ಜಾರಿದರೆ ಕೈಯಲ್ಲಿ ಚೂಪಾದ ಕಬ್ಬಿಣ ಇರಬಾರದು. ಅದಕ್ಕೇ ಹೆಜ್ಜೆಗಳನ್ನೆಲ್ಲ ಮೊದಲು ಮೊನೆಯಿಲ್ಲದ ಬಿದಿರು ಕೋಲಿನಲ್ಲಿ, ನಡುವೆ ದಾರ ಸುತ್ತಿ ಕಲಿಸುತ್ತೇನೆ.

ಹಿಡಿತದಲ್ಲಿ ಕೋಲು ಅಂಗೈಯಲ್ಲಿ ಓರೆಯಾಗಿ ಮಲಗಬೇಕು. ಹೆಬ್ಬೆರಳು ಮತ್ತು ನಡುಬೆರಳು ದಾರದ ಹಿಂದಿನ ಅಂಚಿಗೆ ತಾಗಿರಬೇಕು, ತೋರುಬೆರಳು ಹಿಂದಕ್ಕೆ ಕೋಲಿನುದ್ದಕ್ಕೆ ಚಾಚಿರಬೇಕು. ಕೈ ಚಿಕ್ಕದಿದ್ದವರಿಗೆ ನಡುಬೆರಳಿನ ಬದಲು ತೋರುಬೆರಳೇ ಅಂಚಿಗೆ ಸಾಕು. ಮುಂಭಾಗದ ಕೋಲನ್ನು ನಾನು ಹಿಡಿದು ಮೆಲ್ಲಗೆ ಹಿಂದಕ್ಕೆ ಒತ್ತುತ್ತೇನೆ. ಕೈಯೊಳಗೆ ಜಾರಿದರೆ ಬೆರಳು ಅಂಚಿನ ಹಿಂದೆ ಇಲ್ಲವೆಂದೇ ಅರ್ಥ.

ಓಡುವಾಗ ಅಂಗೈ ಮೇಲ್ಮುಖವಾಗಿ, ಕೋಲು ಬಲಭುಜದ ಮೇಲೆ, ತಲೆಯ ಎತ್ತರದಲ್ಲಿ. ಇದು ಬೇಗ ಬರುತ್ತದೆ.

ಕೆಡುವುದು ಕೊನೆಯ ಐದು ಹೆಜ್ಜೆಗಳಲ್ಲಿ. ಬಲಗೈಯವರಿಗೆ ಎಡ, ಬಲ ಎನ್ನುವ ಎರಡು ಹೆಜ್ಜೆಯಲ್ಲಿ ಕೈ ಪೂರ್ತಿ ಹಿಂದಕ್ಕೆ ಹೋಗಬೇಕು. ಮೂರನೆಯದು ಎಡ. ನಾಲ್ಕನೆಯದರಲ್ಲಿ ಬಲಗಾಲು ಎಡಗಾಲಿನ ಮುಂದಿನಿಂದ ಅಡ್ಡ ದಾಟುತ್ತದೆ. ಐದನೆಯ ಎಡಗಾಲು ತಕ್ಷಣ ಊರಬೇಕು. ನೀರಜ್ ಚೋಪ್ರಾ ಎಸೆದು ಮುಂದಕ್ಕೆ ಬೀಳುವುದನ್ನು ನೋಡಿದ ಮಕ್ಕಳು ಅದನ್ನೇ ಮೊದಲು ಮಾಡಲು ಹೋಗುತ್ತಾರೆ. ಅದನ್ನು ಬಿಡಿಸಿ, ಈ ಐದನ್ನು ನಡೆದೇ ಮಾಡಿಸುತ್ತೇನೆ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನೇ ತೆಗೆದುಕೊಳ್ಳಿ. ನಿಂತಲ್ಲಿಂದ ನೇರವಾಗಿ ಎಸೆಯುತ್ತಾಳೆ, ಹೆಜ್ಜೆ ಸೇರಿಸಿದರೆ ಜಾವೆಲಿನ್ ಬಲಕ್ಕೆ ಅಡ್ಡಡ್ಡ ಬೀಳುತ್ತದೆ. ಅವಳ ಹಿಂದೆ ದೂರದಲ್ಲಿ ನಿಂತು ನೋಡಿದರೆ ಕಾರಣ ಕಾಣುತ್ತದೆ. ಸರಿಯಿದ್ದಾಗ ಬಾಲ ಮಾತ್ರ ಕಾಣಬೇಕು. ಇವಳದು ಕೋಲಿನ ಉದ್ದವೇ ಕಾಣುತ್ತಿದೆ. ಮೂರನೇ ಹೆಜ್ಜೆಯಲ್ಲಿ ಮೊಣಕೈ ಮಡಚಿ, ಅಂಗೈ ಭುಜಕ್ಕಿಂತ ಕೆಳಗಿಳಿದು ಮೊನೆ ಹೊರಕ್ಕೆ ತಿರುಗಿದೆ. ಹೀಗೇ ಬಿಟ್ಟರೆ ಮೊಣಕೈಯ ಒಳಬದಿ ನೋಯುತ್ತದೆ. "ಅಂಗೈ ಆಕಾಶಕ್ಕೆ, ಮೊನೆ ಹುಬ್ಬಿನ ಹತ್ತಿರ" ಎಂದು ಹೇಳಿ, ಎರಡನೇ ಹೆಜ್ಜೆಯಲ್ಲಿ ನಿಲ್ಲಿಸಿ, ಕೈ ನೆಟ್ಟಗಾದ ಮೇಲೆಯೇ ಮೂರನೆಯದಕ್ಕೆ ಬಿಡುತ್ತೇನೆ. ಇನ್ನೊಂದು ತಪ್ಪು, ಅಡ್ಡಹೆಜ್ಜೆಯಲ್ಲಿ ಮೇಲಕ್ಕೆ ನೆಗೆಯುವುದು. ಎಡಗಾಲು ತಡವಾಗಿ ಬಂದು ದೇಹ ಮುಂದೆ ವಾಲುತ್ತದೆ, ಆಗ ಎಸೆಯುವುದು ಬರೀ ಕೈ.

ನಿಜವಾದ ಜಾವೆಲಿನ್ ಕೊಟ್ಟ ದಿನ ಎಲ್ಲರೂ ಒಂದೇ ಸಾಲಿನಲ್ಲಿ, ದೂರ ದೂರ, ಎಡಗೈಯವರು ಸಾಲಿನ ಎಡತುದಿಯಲ್ಲಿ. ಸೀಟಿಗೆ ಎಸೆತ, ಇನ್ನೊಂದು ಸೀಟಿಗೆ ಎಲ್ಲರೂ ನಡೆದು ಹೋಗಿ ತರುವುದು. ನೆಟ್ಟ ಜಾವೆಲಿನ್‌ಗೆ ಪಕ್ಕದಿಂದ ಬರಬೇಕು, ಏಕೆಂದರೆ ಓಡಿ ಬರುವವರ ಮುಖಕ್ಕೆ ಸಿಗುವುದು ಅದರ ಬಾಲ. ಕೀಳುವ ಮುಂಚೆ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಬೇಕು. ವಾಪಸು ತರುವಾಗ ಮೊನೆ ಕೆಳಗೆ ಮಾಡಿ, ನೆಟ್ಟಗೆ ಹಿಡಿದು ನಡೆಯಬೇಕು. ಹುಲ್ಲು ಒದ್ದೆಯಾಗಿದ್ದ ದಿನ ಎಸೆತ ನಿಂತಲ್ಲಿಂದಲೇ, ಏಕೆಂದರೆ ಚಪ್ಪಟೆ ಬಿದ್ದ ಜಾವೆಲಿನ್ ಒದ್ದೆ ನೆಲದಲ್ಲಿ ಬಹಳ ದೂರ ಜಾರುತ್ತದೆ. ಅಂದು ಮೈದಾನದ ಆ ತುದಿಯಲ್ಲಿ ಕಬಡ್ಡಿಯನ್ನೂ ಆಡಿಸುವುದಿಲ್ಲ.