ಎಲ್ಲರೂ ತಲೆಯಾಡಿಸಿದಾಗ ನಾಯಕ ಮಾಡಬೇಕಾದದ್ದು

1961ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ತರಬೇತಿ ಪಡೆದ ಸುಮಾರು 1,400 ಕ್ಯೂಬನ್ನರು ಫಿಡೆಲ್ ಕ್ಯಾಸ್ಟ್ರೋ ಸರ್ಕಾರವನ್ನು ಉರುಳಿಸಲು ಬೇ ಆಫ್ ಪಿಗ್ಸ್ ಕೊಲ್ಲಿಯಲ್ಲಿ ಇಳಿದರು. ಮೂರೇ ದಿನಗಳಲ್ಲಿ ದಾಳಿ ನೆಲಕಚ್ಚಿತು. ಸಾವಿರಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ಸೋತರೆ ಎಸ್ಕಾಂಬ್ರೆ ಬೆಟ್ಟಗಳಿಗೆ ಹಿಂದೆ ಸರಿಯಬಹುದು ಎಂದು ಅಧ್ಯಕ್ಷ ಕೆನಡಿಯವರ ಸಲಹೆಗಾರರು ನಂಬಿದ್ದರು. ಕ್ಯೂಬಾದ ಟ್ರಿನಿಡಾಡ್ ಪಟ್ಟಣದ ಬಳಿ ಇಳಿಯುವ ಮೊದಲ ಯೋಜನೆಗೆ ಆ ಮಾತು ಹೊಂದುತ್ತಿತ್ತು. ಆದರೆ ಜಾಗ ಬದಲಾದ ಮೇಲೆ ಆ ಬೆಟ್ಟಗಳು ಸುಮಾರು 80 ಮೈಲಿ ದೂರ ಉಳಿದವು, ನಡುವೆ ಜೌಗು ಪ್ರದೇಶ. ನಕ್ಷೆಯನ್ನು ಮತ್ತೊಮ್ಮೆ ಹರಡಿ ನೋಡಿದ್ದರೆ ತಿಳಿಯುತ್ತಿತ್ತು.

ಬುದ್ಧಿವಂತರೇ ತುಂಬಿದ್ದ ಕೋಣೆಯಲ್ಲಿ ಹೀಗೇಕಾಯಿತು? ಮನಶ್ಶಾಸ್ತ್ರಜ್ಞ ಇರ್ವಿಂಗ್ ಜಾನಿಸ್ 1972ರಲ್ಲಿ ಇದನ್ನು ‘ಗ್ರೂಪ್‌ಥಿಂಕ್’ ಎಂಬ ಹೆಸರಿನಡಿ ವಿವರಿಸಿದರು. ಗುಂಪಿನ ಒಗ್ಗಟ್ಟು ಕೆಡಬಾರದೆಂಬ ಕಾಳಜಿಯೇ ವಿಷಯದ ಪರಿಶೀಲನೆಯನ್ನು ನುಂಗಿಬಿಡುವ ಸ್ಥಿತಿ ಅದು.

ಮೊದಲು ಲಕ್ಷಣಗಳನ್ನು ಗುರುತಿಸಿ. ಅತ್ಯಂತ ನಂಬಲರ್ಹವಾದದ್ದು ಸಭೆಯ ಒಳಗಿನ ಮಾತಿಗೂ ಹೊರಗಿನ ಮಾತಿಗೂ ಇರುವ ಅಂತರ. ಸಲಹೆಗಾರರಾಗಿದ್ದ ಇತಿಹಾಸಕಾರ ಆರ್ಥರ್ ಶ್ಲೆಸಿಂಜರ್ ದಾಳಿಯನ್ನು ವಿರೋಧಿಸಿ ಕೆನಡಿಯವರಿಗೆ ಟಿಪ್ಪಣಿ ಬರೆದಿದ್ದರು. ಆದರೆ ನಿರ್ಣಾಯಕ ಸಭೆಗಳಲ್ಲಿ ಹೆಚ್ಚುಕಡಿಮೆ ಮೌನವಾಗಿದ್ದರು. ಅಧ್ಯಕ್ಷರು ನಿರ್ಧರಿಸಿಯಾಗಿದೆ, ಇನ್ನು ಈ ಮಾತನ್ನು ಮುಂದುವರಿಸಬೇಡಿ ಎಂದು ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಶ್ಲೆಸಿಂಜರ್‌ಗೆ ಹೇಳಿದ್ದರು. ಅಹಿತಕರ ಮಾತು ನಾಯಕನವರೆಗೆ ತಲುಪದಂತೆ ತಡೆಯುವ ಇಂಥವರನ್ನು ಜಾನಿಸ್ ಮನಸ್ಸಿನ ಕಾವಲುಗಾರರೆಂದರು. ನಿಮ್ಮ ತಂಡದಲ್ಲಿ ಆ ಕೆಲಸ ಯಾರು ಮಾಡುತ್ತಿದ್ದಾರೆ ಎಂದು ಯೋಚಿಸಿ. ಬಹುತೇಕ ನಿಮ್ಮನ್ನು ತುಂಬಾ ಪ್ರೀತಿಸುವವರೇ ಆಗಿರುತ್ತಾರೆ.

ಇನ್ನು ಸಭೆಯನ್ನು ನಡೆಸುವ ರೀತಿ. ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನೂ ಅದರ ಕಾರಣವನ್ನೂ ನಾಲ್ಕು ಸಾಲಿನಲ್ಲಿ ಬರೆದು ಕೊಡಲಿ. ಬರೆದಿಟ್ಟ ಮಾತನ್ನು ಸಭೆಯ ಗಾಳಿ ನೋಡಿ ಬದಲಿಸುವುದು ಕಷ್ಟ. ನಂತರ ಕಿರಿಯರಿಂದ ಮಾತು ಆರಂಭಿಸಿ, ನಿಮ್ಮ ಸರದಿ ಕೊನೆಗಿರಲಿ. ‘ನನಗೆ ಇದು ಸರಿ ಕಾಣುತ್ತದೆ, ನೀವೇನನ್ನುತ್ತೀರಿ?’ ಎಂದು ಕೇಳಿದರೆ ನಿಮಗೆ ಸಿಗುವುದು ನಿಮ್ಮದೇ ಪ್ರತಿಧ್ವನಿ.

ಬಳಿಕ ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರ ‘ಪ್ರೀಮಾರ್ಟಮ್’ ವಿಧಾನವನ್ನು ಬಳಸಿ. ‘ತೊಂದರೆ ಏನಾದರೂ ಇದೆಯೇ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಉತ್ತರಿಸುವವನು ತಂಡದ ಉತ್ಸಾಹಕ್ಕೆ ತಣ್ಣೀರೆರಚಿದವನಾಗುತ್ತಾನೆ. ಬದಲಿಗೆ ಹೀಗೆ ಹೇಳಿ: ‘ಆರು ತಿಂಗಳು ಕಳೆದಿವೆ, ಯೋಜನೆ ಪೂರ್ತಿ ಸೋತಿದೆ. ಏಕೆ ಸೋತಿತು? ಐದು ನಿಮಿಷ ಬರೆಯಿರಿ.’ ಲೆಕ್ಕಪತ್ರದ ಹೊಸ ಸಾಫ್ಟ್‌ವೇರ್‌ಗೆ ಬದಲಾಗುವ ತಂಡವೊಂದನ್ನು ಊಹಿಸಿಕೊಳ್ಳಿ. ತರಬೇತಿಯ ದಿನಗಳು ವರ್ಷಾಂತ್ಯದ ಲೆಕ್ಕ ಮುಗಿಸುವ ವಾರಕ್ಕೇ ಬಿದ್ದಿವೆ ಎಂದು ಗುಮಾಸ್ತರೊಬ್ಬರಿಗೆ ಗೊತ್ತಿರುತ್ತದೆ. ಕೇಳಿದಾಗ ‘ಪರವಾಗಿಲ್ಲ ಸರ್’ ಎಂದಿರುತ್ತಾರೆ. ಸೋಲು ಆಗಿಹೋಗಿದೆ ಎಂದುಕೊಂಡು ಬರೆಯುವಾಗ ಅದೇ ಸಂಗತಿ ಮೊದಲ ಸಾಲಿಗೆ ಬರಬಹುದು. ಆಗ ಅದು ವಿರೋಧವಲ್ಲ, ವಹಿಸಿದ ಕೆಲಸ. ಚೀಟಿಗಳನ್ನು ಒಬ್ಬರಿಂದ ಒಂದೊಂದೇ ಕಾರಣದಂತೆ ಸರದಿಯಲ್ಲಿ ಓದಿಸಿ. ನೀವು ಸಮರ್ಥನೆಗೆ ಇಳಿಯಬೇಡಿ.

ಒಬ್ಬರಿಗೆ ‘ನೀವು ಸುಮ್ಮನೆ ವಿರೋಧಿಸಿ’ ಎಂದು ಪಾತ್ರ ಹಂಚುವ ಪದ್ಧತಿಯೂ ಇದೆ. ನಾನು ಅದನ್ನು ಹೆಚ್ಚು ನೆಚ್ಚುವುದಿಲ್ಲ. ನಿಜವಾದ ಭಿನ್ನಮತ ಗುಂಪನ್ನು ಯೋಚಿಸಲು ಹಚ್ಚುವಷ್ಟು ಆಡಿ ತೋರಿಸಿದ ಭಿನ್ನಮತ ಹಚ್ಚುವುದಿಲ್ಲ ಎಂದು ಮನಶ್ಶಾಸ್ತ್ರಜ್ಞೆ ಶಾರ್ಲನ್ ನೆಮೆತ್ ಅವರ ಪ್ರಯೋಗಗಳು ತೋರಿಸಿವೆ. ಪಾತ್ರ ಎಂದು ಗೊತ್ತಿದ್ದರೆ ಕೇಳುವವರು ಅದನ್ನು ಬದಿಗೆ ಸರಿಸುತ್ತಾರೆ.

ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಪತ್ತೆಯಾದಾಗ ಎದ್ದ 1962ರ ಅಕ್ಟೋಬರ್‌ನ ಬಿಕ್ಕಟ್ಟಿನಲ್ಲಿ ಕೆನಡಿ ಬೇರೆ ದಾರಿ ಹಿಡಿದರು. ಕೆಲವು ಸಭೆಗಳಿಂದ ಉದ್ದೇಶಪೂರ್ವಕವಾಗಿ ದೂರ ಉಳಿದರು. ಸಲಹೆಗಾರರು ಚಿಕ್ಕ ಗುಂಪುಗಳಾಗಿ ಒಡೆದು, ತಮ್ಮ ತಮ್ಮ ಯೋಜನೆಗಳನ್ನು ಬರೆದು, ಪರಸ್ಪರ ಬದಲಿಸಿಕೊಂಡು ಟೀಕಿಸಿದರು. ಮೊದಲ ದಿನ ವಾಯುದಾಳಿಯತ್ತ ವಾಲಿದ್ದ ಅಭಿಪ್ರಾಯ ವಾರದೊಳಗೆ ನೌಕಾ ದಿಗ್ಬಂಧನಕ್ಕೆ ತಿರುಗಿತು.

ಇಷ್ಟಾದರೂ ಎಲ್ಲವೂ ಮೊದಲ ಭಿನ್ನಮತಕ್ಕೆ ನೀವು ಕೊಡುವ ಉತ್ತರದ ಮೇಲೆ ನಿಂತಿದೆ. ಕೂಡಲೇ ಖಂಡಿಸಿದರೆ ಎರಡನೆಯವರು ಬಾಯಿ ತೆರೆಯುವುದಿಲ್ಲ. ‘ಅದು ನಿಜವಾದರೆ ನಾವು ಏನನ್ನು ಬದಲಿಸಬೇಕಾಗುತ್ತದೆ?’ ಎಂದು ಕೇಳಿ, ಉತ್ತರವನ್ನು ಸಭಾ ಟಿಪ್ಪಣಿಯಲ್ಲಿ ಆ ವ್ಯಕ್ತಿಯ ಹೆಸರಿನೊಂದಿಗೆ ಬರೆಸಿ. ನಿರ್ಧಾರ ಈಗಾಗಲೇ ಆಗಿಹೋಗಿದ್ದರೆ ಮಾತ್ರ ಅಭಿಪ್ರಾಯ ಕೇಳಬೇಡಿ, ನಿರ್ಧರಿಸಿದ್ದೇನೆ ಎಂದು ನೇರವಾಗಿ ಹೇಳಿ. ಕೇಳಿದಂತೆ ನಟಿಸಿದ ಒಂದು ಸಭೆ ಸಾಕು, ಮುಂದಿನ ಸಲ ಪ್ರಾಮಾಣಿಕವಾಗಿ ಕೇಳಿದಾಗಲೂ ಚೀಟಿಗಳು ಖಾಲಿಯಾಗಿಯೇ ಬರುತ್ತವೆ.